ಎತ್ತರಕ್ಕೆ ತಕ್ಕ ತೂಕ: ಐದು ಅಡಿಗಿಂತ ಕಡಿಮೆ ಎತ್ತರದವರು ಸೂತ್ರವನ್ನು ಹೇಗೆ ಓದಬೇಕು

ಔಷಧಿ ಅಂಗಡಿಯ ಗೋಡೆಯ ಮೇಲಿನ ಪಟ್ಟಿಯಲ್ಲಾಗಲಿ, ಮೊಬೈಲಿನ ಲೆಕ್ಕದಲ್ಲಾಗಲಿ, ಎತ್ತರ ಹೇಳಿದ ಕೂಡಲೇ ಒಂದು ‘ಆದರ್ಶ ತೂಕ’ ಸಿಗುತ್ತದೆ. ಆರು ಅಡಿಯ ಗಂಡಸಿಗೆ ಅದು ಸುಮಾರಾಗಿ ಹೊಂದುತ್ತದೆ. ಇಳಕಲ್, ಗುಳೇದಗುಡ್ಡ, ರಬಕವಿಯ ಕಡೆಯ ನಾಲ್ಕೂವರೆ ಅಡಿಯಿಂದ ಐದು ಅಡಿಯೊಳಗಿನ ಮಹಿಳೆಗೆ ಅದೇ ಲೆಕ್ಕ ಹಾಕಿದರೆ, ಕೆಲವು ಸಲ ಅಪೌಷ್ಟಿಕತೆಯ ಗೆರೆಯನ್ನೇ ಗುರಿ ಎಂದು ತೋರಿಸಿಬಿಡುತ್ತದೆ. ಈ ಸೂತ್ರಗಳಲ್ಲಿ ಹೆಚ್ಚಿನವು ಐದು ಅಡಿಯಿಂದ ಎಣಿಕೆ ಶುರು ಮಾಡುತ್ತವೆ. ನಮ್ಮ ದೇಶದ ವಯಸ್ಕ ಮಹಿಳೆಯರ ಸರಾಸರಿ ಎತ್ತರ ಸುಮಾರು 152 ಸೆಂ.ಮೀ., ಅಂದರೆ ಸರಿಯಾಗಿ ಐದು ಅಡಿ. ಸೂತ್ರ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿಗೆ ನಮ್ಮ ಅರ್ಧದಷ್ಟು ಹೆಂಗಸರ ಎತ್ತರ ಮುಗಿದಿರುತ್ತದೆ.

ಆದ್ದರಿಂದ ಈ ಲೇಖನದಲ್ಲಿ ಒಬ್ಬ ನೇಕಾರ ಮಹಿಳೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ. ವಯಸ್ಸು 45, ಗುಳೇದಗುಡ್ಡದಲ್ಲಿ ಮನೆಯಲ್ಲಿಯೇ ಮಗ್ಗದ ಕೆಲಸ, ದಿನದ ಹೆಚ್ಚಿನ ಹೊತ್ತು ಕುಳಿತೇ ಇರುತ್ತಾರೆ. ಎತ್ತರ 147 ಸೆಂ.ಮೀ., ಅಂದರೆ 4 ಅಡಿ 10 ಇಂಚು. ತೂಕ 52 ಕೆಜಿ. ಸೊಂಟದ ಸುತ್ತಳತೆ 84 ಸೆಂ.ಮೀ. ಓದುತ್ತಾ ಹೋದಂತೆ ಇವರ ಅಂಕಿಗಳ ಜಾಗದಲ್ಲಿ ನಿಮ್ಮ ಅಂಕಿಗಳನ್ನು ಇಟ್ಟುಕೊಳ್ಳಿ.

ಮೊದಲು ಅಳತೆ ಸರಿ ಇರಲಿ

ಎತ್ತರವನ್ನು ಅಂದಾಜಿನಿಂದ ಹೇಳಬೇಡಿ. ಒಂದು ಇಂಚು ತಪ್ಪಿದರೆ ಮುಂದೆ ಬರುವ ಸೂತ್ರದಲ್ಲಿ ಎರಡು ಕೆಜಿಗೂ ಹೆಚ್ಚು ವ್ಯತ್ಯಾಸವಾಗುತ್ತದೆ. ಚಪ್ಪಲಿ ಬಿಟ್ಟು, ತುರುಬು ಬಿಚ್ಚಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ, ಪೃಷ್ಠ, ಬೆನ್ನಿನ ಮೇಲ್ಭಾಗ ಗೋಡೆಗೆ ತಾಗಿರಲಿ. ಗದ್ದವನ್ನು ಮೇಲೆತ್ತದೆ, ಕೆಳಗಿಳಿಸದೆ ನೇರವಾಗಿ ಎದುರಿಗೆ ನೋಡಿ. ಮನೆಯವರೊಬ್ಬರು ದಪ್ಪ ಪುಸ್ತಕದ ಒಂದು ಅಂಚನ್ನು ಗೋಡೆಗೆ ಒತ್ತಿಹಿಡಿದು ನೆತ್ತಿಯ ಮೇಲೆ ಇಳಿಸಲಿ, ಪುಸ್ತಕದ ಅಡಿಯಲ್ಲಿ ಪೆನ್ಸಿಲಿನಿಂದ ಗೆರೆ ಹಾಕಲಿ. ನೆಲದಿಂದ ಆ ಗೆರೆಯವರೆಗಿನ ಅಳತೆಯೇ ನಿಮ್ಮ ಎತ್ತರ. ದಿನವಿಡೀ ನಿಂತು, ಕುಳಿತು ಬೆನ್ನುಮೂಳೆಯ ನಡುವಿನ ಮೆತ್ತೆಗಳು ಕುಗ್ಗುವುದರಿಂದ ಸಂಜೆಯ ಎತ್ತರ ಬೆಳಗಿನದಕ್ಕಿಂತ ಸುಮಾರು ಒಂದು ಸೆಂಟಿಮೀಟರು ಕಡಿಮೆ ಬರಬಹುದು. ಯಾವಾಗಲೂ ಒಂದೇ ಹೊತ್ತಿನಲ್ಲಿ ಅಳೆದರೆ ಸಾಕು.

ಅಡಿ-ಇಂಚನ್ನು ಬರೆಯುವಾಗ ಬಹಳ ಜನ ಮುಗ್ಗರಿಸುತ್ತಾರೆ. 4 ಅಡಿ 10 ಇಂಚನ್ನು ‘4.10’ ಎಂದು ಬರೆದು, ಅದನ್ನು ಕ್ಯಾಲ್ಕುಲೇಟರಿನಲ್ಲಿ ಹಾಗೆಯೇ 30.48ರಿಂದ ಗುಣಿಸಿದರೆ 125 ಸೆಂ.ಮೀ. ಬರುತ್ತದೆ. ಅದು ಸಣ್ಣ ಹುಡುಗಿಯ ಎತ್ತರ. ಅಡಿಗೆ 12 ಇಂಚಿನಂತೆ 4 ಅಡಿಗೆ 48, ಅದಕ್ಕೆ 10 ಕೂಡಿಸಿ 58 ಇಂಚು, ಅದನ್ನು 2.54ರಿಂದ ಗುಣಿಸಿದರೆ 147 ಸೆಂ.ಮೀ. ಈ ಕ್ರಮದಲ್ಲೇ ಮಾಡಿ.

ತೂಕವನ್ನು ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಹಗುರ ಬಟ್ಟೆಯಲ್ಲಿ ನೋಡಿ. ಯಂತ್ರ ಗಟ್ಟಿ ನೆಲದ ಮೇಲಿರಲಿ, ಚಾಪೆ ಅಥವಾ ಜಮಖಾನೆಯ ಮೇಲೆ ಬೇಡ. ಯಂತ್ರದ ಮೇಲೆ ಅನುಮಾನವಿದ್ದರೆ ಸೀಲ್ ತೆಗೆಯದ 25 ಕೆಜಿ ಅಕ್ಕಿ ಚೀಲವನ್ನು ಇಟ್ಟು ನೋಡಿ. ಅದರಲ್ಲೇ ಒಂದೆರಡು ಕೆಜಿ ಹೆಚ್ಚುಕಡಿಮೆ ತೋರಿಸಿದರೆ ಆ ಯಂತ್ರವನ್ನು ನಂಬಬೇಡಿ.

ಸೊಂಟ ಅಳೆಯಲು ಟೇಲರ್ ಬಳಸುವ ಟೇಪು ಬೇಕು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಳೆಯುವುದು ತಪ್ಪು, ಗಂಡಸರು ಪ್ಯಾಂಟಿನ ಸೈಜನ್ನು ಹೇಳುವುದೂ ತಪ್ಪು. ಹೊಟ್ಟೆ ಮುಂದೆ ಬಂದಂತೆ ಲಾಡಿಯೂ ಬೆಲ್ಟೂ ಕೆಳಗೆ ಜಾರುತ್ತವೆ, ಹೊಟ್ಟೆ ಮಾತ್ರ ಅಳತೆಗೆ ಸಿಗದೆ ಮೇಲೆಯೇ ಉಳಿಯುತ್ತದೆ. ಪಕ್ಕೆಯ ಕೊನೆಯ ಎಲುಬನ್ನು ಬೆರಳಿನಿಂದ ಹುಡುಕಿ, ಅದರ ಕೆಳಗೆ ಸೊಂಟದ ಮೂಳೆಯ ಮೇಲಂಚನ್ನು ಹುಡುಕಿ, ಎರಡರ ನಡುಮಧ್ಯದಲ್ಲಿ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಿ. ಉಸಿರನ್ನು ಸಹಜವಾಗಿ ಹೊರಗೆ ಬಿಟ್ಟ ಕ್ಷಣದಲ್ಲಿ ಅಂಕಿ ಓದಿ. ಹೊಟ್ಟೆಯನ್ನು ಒಳಗೆಳೆದುಕೊಳ್ಳಬೇಡಿ.

ಈಗ ಸೂತ್ರಗಳನ್ನು ಹಾಕಿ ನೋಡೋಣ

ಎಲ್ಲಕ್ಕಿಂತ ಹಳೆಯದು ಮತ್ತು ಸುಲಭವಾದದ್ದು 19ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಪಾಲ್ ಬ್ರೋಕಾ ಅವರ ಹೆಸರಿನದು. ಸೆಂಟಿಮೀಟರಿನಲ್ಲಿರುವ ಎತ್ತರದಿಂದ 100 ಕಳೆಯಬೇಕು. ನಮ್ಮ ನೇಕಾರ ಮಹಿಳೆಗೆ 147ರಲ್ಲಿ 100 ಹೋದರೆ 47 ಕೆಜಿ. ಮುಂದೆ ಇದನ್ನು ತಿದ್ದಿದವರು ಮಹಿಳೆಯರಿಗೆ ಇದರಲ್ಲಿ ಇನ್ನೂ ಶೇ. 15 ಕಳೆಯಿರಿ ಎಂದರು. ಹಾಗೆ ಮಾಡಿದರೆ 40 ಕೆಜಿ.

ಆಸ್ಪತ್ರೆಗಳಲ್ಲಿ ಮತ್ತು ಮೊಬೈಲ್ ಲೆಕ್ಕಗಳಲ್ಲಿ ಹೆಚ್ಚು ಓಡಾಡುವುದು ಬೆನ್ ಡಿವೈನ್ 1974ರಲ್ಲಿ ಕೊಟ್ಟ ಸೂತ್ರ. ಐದು ಅಡಿಗೆ ಗಂಡಸರಿಗೆ 50 ಕೆಜಿ, ಹೆಂಗಸರಿಗೆ 45.5 ಕೆಜಿ, ಅದರ ಮೇಲಿನ ಪ್ರತಿ ಇಂಚಿಗೆ 2.3 ಕೆಜಿ ಸೇರಿಸಬೇಕು. ನಮ್ಮ ಮಹಿಳೆ ಐದು ಅಡಿಗೆ ಎರಡು ಇಂಚು ಕಡಿಮೆ ಇದ್ದಾರೆ. ಹಾಗಾಗಿ ಸೇರಿಸುವ ಬದಲು ಕಳೆಯಬೇಕಾಗುತ್ತದೆ: 45.5ರಲ್ಲಿ 4.6 ಹೋದರೆ 40.9, ಅಂದರೆ 41 ಕೆಜಿ.

1983ರಲ್ಲಿ ಇನ್ನೆರಡು ಸೂತ್ರಗಳು ಬಂದವು. ರಾಬಿನ್ಸನ್ ಅವರದು ಮಹಿಳೆಯರಿಗೆ ಐದು ಅಡಿಗೆ 49 ಕೆಜಿ, ಇಂಚಿಗೆ 1.7. ಮಿಲ್ಲರ್ ಅವರದು 53.1 ಕೆಜಿ, ಇಂಚಿಗೆ 1.36. ಇವುಗಳ ಪ್ರಕಾರ ಇದೇ ಮಹಿಳೆಗೆ 45.6 ಮತ್ತು 50.4 ಕೆಜಿ ಬರುತ್ತದೆ.

ಒಬ್ಬರೇ ಮಹಿಳೆ, ಒಂದೇ ಎತ್ತರ. ಉತ್ತರ ಮಾತ್ರ 40ರಿಂದ 50ರವರೆಗೆ. ಹತ್ತು ಕೆಜಿಯ ಅಂತರ. ಒಂದು ಪಟ್ಟಿಯನ್ನು ನಂಬಿದರೆ ಅವರು 12 ಕೆಜಿ ಇಳಿಸಬೇಕು, ಇನ್ನೊಂದನ್ನು ನಂಬಿದರೆ ಎರಡು ಕೆಜಿಗೂ ಕಡಿಮೆ ಸಾಕು. ಒಂದೇ ಸಂಖ್ಯೆಯನ್ನು ತೋರಿಸಿ ಸುಮ್ಮನಾಗುವ ಲೆಕ್ಕದ ಪುಟ ಈ ಅಂತರವನ್ನು ನಿಮಗೆ ಕಾಣಿಸುವುದೇ ಇಲ್ಲ. ಹೀಗಾಗಿ ಯಾವ ಸೂತ್ರ ಬಳಸಲಾಗಿದೆ ಎಂದು ಹೇಳದ ಪಟ್ಟಿಯನ್ನು ನಾನಂತೂ ಯಾರಿಗೂ ಕೊಡುವುದಿಲ್ಲ.

ಸೂತ್ರ ಎಲ್ಲಿ ತಪ್ಪುತ್ತದೆ

ಡಿವೈನ್ ತಮ್ಮ ಸೂತ್ರವನ್ನು ಬರೆದದ್ದು ಯಾರು ಎಷ್ಟು ತೂಗಬೇಕು ಎಂದು ಹೇಳುವುದಕ್ಕಲ್ಲ. ಜೆಂಟಾಮೈಸಿನ್ ಎಂಬ ಪ್ರತಿಜೀವಕದ ಪ್ರಮಾಣ ನಿರ್ಧರಿಸುವುದಕ್ಕೆ. ಆ ಔಷಧಿ ದೇಹದ ನೀರಿನಂಶದಲ್ಲಿ ಹರಡುತ್ತದೆ, ಕೊಬ್ಬಿನೊಳಗೆ ಅಷ್ಟಾಗಿ ಹೋಗುವುದಿಲ್ಲ. ಸ್ಥೂಲಕಾಯದವರಿಗೆ ಪೂರ್ತಿ ತೂಕದ ಲೆಕ್ಕದಲ್ಲಿ ಕೊಟ್ಟರೆ ಪ್ರಮಾಣ ಹೆಚ್ಚಾಗಿ ಮೂತ್ರಪಿಂಡಕ್ಕೂ ಕಿವಿಗೂ ಹಾನಿಯಾಗಬಹುದು. ಕೊಬ್ಬನ್ನು ಬಿಟ್ಟು ಉಳಿದ ದೇಹದ ಅಂದಾಜು ಬೇಕಿತ್ತು. ಅಮೆರಿಕದ ವೈದ್ಯರಲ್ಲಿ ಮೊದಲೇ ರೂಢಿಯಲ್ಲಿದ್ದ ‘ಐದು ಅಡಿಗೆ ಇಷ್ಟು, ಮೇಲಿನ ಇಂಚಿಗೆ ಇಷ್ಟು’ ಎಂಬ ಲೆಕ್ಕವೇ ಆ ಕೆಲಸಕ್ಕೆ ಬಂತು. ಮುಂದಿನ ಸೂತ್ರಗಳ ಹಿಂದೆ ಇದ್ದದ್ದು ಅಮೆರಿಕದ ಜೀವವಿಮಾ ಕಂಪನಿಯೊಂದರ ಎತ್ತರ-ತೂಕದ ಪಟ್ಟಿಗಳು. ವಿಮೆ ಮಾಡಿಸಿದ ಅಲ್ಲಿನ ಜನರ ದೇಹ ಅದರ ಆಧಾರ.

ತೀವ್ರ ನಿಗಾ ಘಟಕದಲ್ಲಿ ಇಂಥ ಲೆಕ್ಕ ಇಂದಿಗೂ ಸರಿಯಾದ ಜಾಗದಲ್ಲಿದೆ. ವೆಂಟಿಲೇಟರಿನಿಂದ ಪ್ರತಿ ಉಸಿರಿಗೆ ಎಷ್ಟು ಗಾಳಿ ಕೊಡಬೇಕು ಎಂಬುದನ್ನು ರೋಗಿಯ ಎತ್ತರದಿಂದ ಬರುವ ತೂಕದ ಮೇಲೆ, ಕೆಜಿಗೆ ಸುಮಾರು 6 ಮಿಲಿಲೀಟರಿನಂತೆ ಲೆಕ್ಕ ಹಾಕುತ್ತಾರೆ. ಶ್ವಾಸಕೋಶದ ಗಾತ್ರ ಎತ್ತರಕ್ಕೆ ತಕ್ಕಂತೆ ಇರುತ್ತದೆ, ಮೈ ಬಂದರೆ ಶ್ವಾಸಕೋಶ ಬೆಳೆಯುವುದಿಲ್ಲ. ನಮ್ಮ ನೇಕಾರ ಮಹಿಳೆ ಅಲ್ಲಿ ಮಲಗಿದ್ದರೆ 41 ಕೆಜಿ ಎಂಬ ಅಂಕಿಯೇ ಸರಿ. ಅದೇ ಅಂಕಿಯನ್ನು ಮನೆಗೆ ತಂದು ‘ನೀವು ಇಷ್ಟು ತೂಗಬೇಕು’ ಎಂದರೆ ತಪ್ಪು ಶುರುವಾಗುತ್ತದೆ.

ಆ ತಪ್ಪು ಎಷ್ಟು ದೊಡ್ಡದು ಎಂದು ತಿಳಿಯಲು ಬಿಎಂಐ ನೆರವಾಗುತ್ತದೆ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. 18.5ಕ್ಕಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ತೂಕ ಎನ್ನುತ್ತಾರೆ. ಡಿವೈನ್ ಸೂತ್ರ ಐದು ಅಡಿ ಆರು ಇಂಚಿನ ಮಹಿಳೆಗೆ ಕೊಡುವ 59 ಕೆಜಿಯ ಬಿಎಂಐ 21, ಆರೋಗ್ಯಕರ. ಐದು ಅಡಿಗೆ 19.6ಕ್ಕೆ ಇಳಿಯುತ್ತದೆ. ನಾಲ್ಕು ಅಡಿ ಹತ್ತು ಇಂಚಿಗೆ 19ರ ಆಸುಪಾಸು. ನಾಲ್ಕು ಅಡಿ ಎಂಟು ಇಂಚಿನ ಮಹಿಳೆಗೆ ಸೂತ್ರ ಹೇಳುವುದು 36.3 ಕೆಜಿ, ಅದರ ಬಿಎಂಐ 17.9. ಅಂದರೆ ಆ ಎತ್ತರದ ಮಹಿಳೆ ‘ಆದರ್ಶ’ಕ್ಕೆ ತಲುಪಿದ ದಿನ ವೈದ್ಯರ ಕಣ್ಣಿಗೆ ಅಪೌಷ್ಟಿಕತೆಯ ರೋಗಿ.

ಇದಕ್ಕೆ ಕಾರಣ ಸರಳವಾಗಿದೆ. ಸೂತ್ರವು ಪ್ರತಿ ಇಂಚಿಗೂ ಒಂದೇ ತೂಕವನ್ನು ಕಳೆಯುತ್ತಾ ಹೋಗುತ್ತದೆ. ಎತ್ತರ ಕಡಿಮೆಯಾದಂತೆ ದೇಹದ ತೂಕ ಹಾಗೆ ನೇರ ಗೆರೆಯಲ್ಲಿ ಇಳಿಯುವುದಿಲ್ಲ, ಸುಮಾರಾಗಿ ಎತ್ತರದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಕುಳ್ಳಗಿರುವವರಲ್ಲಿ ಒಂದು ಇಂಚಿನ ಬೆಲೆ 2.3 ಕೆಜಿಗಿಂತ ಕಡಿಮೆ.

ಒಂದು ಸಂಖ್ಯೆಯ ಬದಲು ಒಂದು ಅಂತರ

ಆದ್ದರಿಂದ ಐದು ಅಡಿಯ ಆಸುಪಾಸಿನವರು ಮತ್ತು ಅದಕ್ಕಿಂತ ಕಡಿಮೆ ಎತ್ತರದವರು ಸೂತ್ರವನ್ನು ಬದಿಗಿಟ್ಟು ಹೀಗೆ ಮಾಡಿ. ಎತ್ತರವನ್ನು ಮೀಟರಿನಲ್ಲಿ ಬರೆದು ಅದರಿಂದಲೇ ಗುಣಿಸಿ. ನಮ್ಮ ಉದಾಹರಣೆಯಲ್ಲಿ 1.47 × 1.47 = 2.16. ಇದನ್ನು 18.5ರಿಂದ ಗುಣಿಸಿದರೆ ಕೆಳಗಿನ ಗಡಿ: 40 ಕೆಜಿ. 23ರಿಂದ ಗುಣಿಸಿದರೆ ಮೇಲಿನ ಗಡಿ: 49.7 ಕೆಜಿ. ನಾಲ್ಕು ಅಡಿ ಹತ್ತು ಇಂಚಿನ ಮಹಿಳೆಗೆ ಸರಿಯಾದ ತೂಕ ಈ ಎರಡರ ನಡುವೆ ಎಲ್ಲಿಯಾದರೂ ಇರಬಹುದು.

ಮೇಲಿನ ಗಡಿ 25 ಎಂದು ನೀವು ಓದಿರಬಹುದು. ಅದು ಸಾಮಾನ್ಯ ಅಂತರರಾಷ್ಟ್ರೀಯ ಗಡಿ. ಭಾರತೀಯರಲ್ಲಿ ಅದಕ್ಕಿಂತ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದರಿಂದ ನಮ್ಮ ದೇಶದ ತಜ್ಞರು 23ರಿಂದ ಮೇಲೆ ಅಧಿಕ ತೂಕ, 25ರಿಂದ ಮೇಲೆ ಬೊಜ್ಜು ಎಂದು ಎಣಿಸುತ್ತಾರೆ. ಆರೋಗ್ಯ ಶಿಬಿರದ ಚೀಟಿಯಲ್ಲಿ ‘ಸಾಮಾನ್ಯ’ ಎಂದು ಬರೆದಿದ್ದರೆ ಯಾವ ಗಡಿಯನ್ನು ಹಿಡಿದಿದ್ದಾರೆ ಎಂದು ಕೇಳಿ. ನಮ್ಮ ನೇಕಾರ ಮಹಿಳೆಯ ಬಿಎಂಐ 24. ಒಂದು ಗಡಿಯಲ್ಲಿ ಸಾಮಾನ್ಯ, ಇನ್ನೊಂದರಲ್ಲಿ ಅಧಿಕ ತೂಕ.

ಸೊಂಟದ ಟೇಪು ಹೇಳುವುದು

ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ಸ್ನಾಯು ಯಾವುದು ಎಂಬುದು ತಿಳಿಯದು. ಬೆಳಗಾವಿ ಸೀಮೆಯ ಗರಡಿಮನೆಯಲ್ಲಿ ಸಾಮು ಮಾಡಿದ ಪೈಲ್ವಾನ ಐದು ಅಡಿ ಏಳು ಇಂಚಿಗೆ 84 ಕೆಜಿ ಇದ್ದರೆ ಸೂತ್ರ ಅವನಿಗೆ 66 ಕೆಜಿ ಹೇಳುತ್ತದೆ. ಆ ಹೆಚ್ಚಿನ ತೂಕದ ಬಹುಪಾಲು ತೊಡೆ, ಭುಜ, ಕುತ್ತಿಗೆಯ ಸ್ನಾಯು.

ಇದಕ್ಕೆ ವಿರುದ್ಧವಾದ ತಪ್ಪು ನಮ್ಮಲ್ಲಿ ಹೆಚ್ಚು ಸಾಮಾನ್ಯ, ಹೆಚ್ಚು ಅಪಾಯದ್ದು. ವಿಜಯಪುರದ ಕಚೇರಿಯೊಂದರಲ್ಲಿ ಕುಳಿತು ಕೆಲಸ ಮಾಡುವ, 168 ಸೆಂ.ಮೀ. ಎತ್ತರದ, 63 ಕೆಜಿ ತೂಕದ ಗಂಡಸನ್ನು ತೆಗೆದುಕೊಳ್ಳಿ. ಡಿವೈನ್ ಪ್ರಕಾರ ಅವರಿಗೆ ಸುಮಾರು 64 ಕೆಜಿ ಆದರ್ಶ. ಬಿಎಂಐ 22.3, ಅದೂ ಸರಿ. ಕೈಕಾಲು ಸಣಕಲು. ಆದರೆ ಸೊಂಟ 95 ಸೆಂ.ಮೀ. ಯಾವ ಪಟ್ಟಿಯೂ ಅವರನ್ನು ಎಚ್ಚರಿಸುವುದಿಲ್ಲ, ಅವರೂ ರಕ್ತ ಪರೀಕ್ಷೆಗೆ ಹೋಗುವುದಿಲ್ಲ.

ಬೆಳಗಾವಿಯಿಂದ ಅಷ್ಟೇನೂ ದೂರವಲ್ಲದ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಇದನ್ನು ತಮ್ಮ ದೇಹದಿಂದಲೇ ತೋರಿಸಿದರು. 2004ರಲ್ಲಿ ಅವರು ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬಿನ ಪ್ರಮಾಣ ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ತೂಕ-ಎತ್ತರದ ಲೆಕ್ಕಕ್ಕೆ ಇಬ್ಬರೂ ಒಂದೇ.

ಸೊಂಟಕ್ಕೆ ಭಾರತೀಯರ ಗಡಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎತ್ತರ ತೀರಾ ಕಡಿಮೆ ಇರುವವರು ಇನ್ನೊಂದು ಅಳತೆಯನ್ನೂ ನೋಡಬೇಕು: ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಮ್ಮ ನೇಕಾರ ಮಹಿಳೆಗೆ ಅರ್ಧವೆಂದರೆ 73.5, ಸೊಂಟ 84. ಎರಡೂ ಗಡಿಗಳನ್ನು ದಾಟಿದ್ದಾರೆ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಫಾರಂ ಹಿಡಿದು ಬಂದಾಗ ಅದರಲ್ಲಿ ಸೊಂಟದ ಸುತ್ತಳತೆಗೆ ಅಂಕ ಇರುತ್ತದೆ. ಸಂಕೋಚದಿಂದ ‘ಬರೆದುಕೊಳ್ಳಿ ಬಿಡಿ ಅಕ್ಕಾ’ ಎಂದು ಅಂದಾಜು ಹೇಳಿ ಕಳಿಸಬೇಡಿ, ಅಳತೆ ಮಾಡಿಸಿಕೊಳ್ಳಿ.

ಹಾಗಾದರೆ ಗುರಿ ಯಾವುದು

ನಮ್ಮ ಉದಾಹರಣೆಯ ಮಹಿಳೆ 41 ಕೆಜಿಗೆ ಇಳಿಯಬೇಕಿಲ್ಲ. ಹಟ ಹಿಡಿದು ಊಟ ಬಿಟ್ಟು 11 ಕೆಜಿ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ; ಮುಟ್ಟು ನಿಲ್ಲುವ ವಯಸ್ಸಿನ ಹತ್ತಿರ ಮೂಳೆ ಸವೆಯುವುದೂ ಸೇರುತ್ತದೆ. ಅವರ ಮೊದಲ ಗುರಿ 50 ಕೆಜಿಯ ಒಳಗೆ ಬರುವುದು, ಅಂದರೆ ಎರಡೂವರೆ ಕೆಜಿಯಷ್ಟು ಇಳಿಕೆ. ಮೂರು ತಿಂಗಳು ಅದಕ್ಕೆ ಧಾರಾಳವಾಗಿ ಸಾಕು. ಸೊಂಟ 84ರಿಂದ 80ರ ಕಡೆಗೆ ಸರಿಯುತ್ತಿದೆಯೇ ಎಂಬುದನ್ನು ತಿಂಗಳಿಗೊಮ್ಮೆ ನೋಡಲಿ. ರೊಟ್ಟಿಯನ್ನು ಬಿಡಬೇಕಿಲ್ಲ. ಎರಡು ರೊಟ್ಟಿ ಕಡಿಮೆ ಮಾಡಿ ಕಾಳಿನ ಪಲ್ಯವನ್ನೂ ಮಜ್ಜಿಗೆಯನ್ನೂ ಹೆಚ್ಚಿಸಿದರೆ, ಚಹಾದ ಸಕ್ಕರೆಯನ್ನು ತೆಗೆದರೆ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆದರೆ ಆ ಎರಡೂವರೆ ಕೆಜಿಗೆ ದಾರಿ ಸಿಗುತ್ತದೆ.

ತೂಕ ಇಳಿಯದಿದ್ದರೂ ಈ ನಡಿಗೆ ವ್ಯರ್ಥವಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಭಾರತೀಯರ ಮೇಲೆ ಚೆನ್ನೈನ ವೈದ್ಯರು ಮಾಡಿದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಶೇ. 55 ಜನರಿಗೆ ಕಾಯಿಲೆ ಬಂತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಅದು ಶೇ. 39. ಈ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಹಾಗಾಗಿ ಸೊಂಟ ಗಡಿ ದಾಟಿದವರು ತೂಕ ಎಷ್ಟೇ ಇರಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನೂ ಖಾಲಿ ಹೊಟ್ಟೆಯ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು.

ಈ ಲೆಕ್ಕಗಳು ಯಾರಿಗೆ ಬೇಡ

ಗರ್ಭಿಣಿಯರಿಗೆ ಬೇಡ. 18 ವರ್ಷದೊಳಗಿನವರಿಗೂ ಬೇಡ, ಅವರಿಗೆ ವಯಸ್ಸಿಗೆ ತಕ್ಕ ಬೆಳವಣಿಗೆಯ ನಕ್ಷೆ ಬೇರೆ ಇದೆ. ಕಾಲು ಬಾವು, ಹೊಟ್ಟೆಯಲ್ಲಿ ನೀರು ತುಂಬಿದವರ ತೂಕ ನೀರಿನ ತೂಕವಾಗಿರುತ್ತದೆ.

ವಯಸ್ಸಾದವರ ವಿಷಯದಲ್ಲಿ ಎತ್ತರವೇ ಮೋಸ ಮಾಡುತ್ತದೆ. ಬೆನ್ನು ಬಾಗಿದ ಎಪ್ಪತ್ತರ ಅಜ್ಜಿ ಹರೆಯದಲ್ಲಿ ಇದ್ದುದಕ್ಕಿಂತ ಕೆಲವು ಸೆಂಟಿಮೀಟರು ಕುಗ್ಗಿರುತ್ತಾರೆ. ಕುಗ್ಗಿದ ಎತ್ತರದಿಂದ ಲೆಕ್ಕ ಹಾಕಿದರೆ ಬಿಎಂಐ ಸುಳ್ಳೇ ಹೆಚ್ಚು ಬಂದು, ತೆಳ್ಳಗಿರುವವರೂ ಸರಿಯಾಗಿದ್ದಾರೆ ಎನಿಸುತ್ತದೆ. ಅವರು ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಅಗಲವಾಗಿ ಚಾಚಲಿ. ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಯವರೆಗಿನ ಉದ್ದ ಹರೆಯದ ಎತ್ತರಕ್ಕೆ ಹತ್ತಿರವಿರುತ್ತದೆ.

ಕೊನೆಯದಾಗಿ, ಪ್ರಯತ್ನವೇ ಇಲ್ಲದೆ ತೂಕ ಪಟ್ಟಿಯ ಅಂಕಿಯ ಕಡೆಗೆ ಇಳಿಯುತ್ತಿದ್ದರೆ ಸಂತೋಷಪಡಬೇಡಿ. ಆರು ತಿಂಗಳಿನಿಂದ ಒಂದು ವರ್ಷದೊಳಗೆ ಶೇ. 5ಕ್ಕಿಂತ ಹೆಚ್ಚು, ಅಂದರೆ 52 ಕೆಜಿಯವರಲ್ಲಿ ಎರಡೂವರೆ ಕೆಜಿಗಿಂತ ಹೆಚ್ಚು ತೂಕ ತಾನಾಗಿ ಹೋಗಿದ್ದರೆ, ಬಳೆ ಸಡಿಲವಾಗಿ ರವಿಕೆ ದೊಗಳೆಯಾಗಿದ್ದರೆ ವೈದ್ಯರ ಬಳಿ ಹೋಗಿ. ಕ್ಷಯ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಯಾನ್ಸರ್ ಎಲ್ಲವೂ ಹೀಗೆ ಶುರುವಾಗಬಹುದು. ಹೋಗುವಾಗ ‘ಆದರ್ಶ ತೂಕ’ದ ಚೀಟಿಗಿಂತ ಹಳೆಯ ತೂಕ, ಈಗಿನ ತೂಕ ಮತ್ತು ಅವುಗಳನ್ನು ನೋಡಿದ ದಿನಾಂಕ ಬರೆದ ಚೀಟಿಯನ್ನು ಒಯ್ಯಿರಿ, ವೈದ್ಯರಿಗೆ ಬೇಕಾಗುವುದು ಅದು.